ಸತತ 3 ದಿನ ಗೈರಾದವರ ಪಟ್ಟಿ ಬರುತ್ತದೆ, ಪದೇ ಪದೇ ತಪ್ಪಿಸುವ ಮಕ್ಕಳು ಮಾತ್ರ ಅದರಲ್ಲಿ ಕಾಣುವುದೇ ಇಲ್ಲ

ಆಫೀಸ್ ಎಸ್‌ಡಿಎ
ಎಲ್ಲರಿಗೂ ನಮಸ್ಕಾರ. ನಾನು ಒಂದು ಅನುದಾನಿತ ಪ್ರೌಢಶಾಲೆಯ ಆಫೀಸಿನಲ್ಲಿ ಎಸ್‌ಡಿಎ. 8ರಿಂದ 10ನೇ ತರಗತಿ, ಒಟ್ಟು ಆರು ಸೆಕ್ಷನ್, ಸುಮಾರು 240 ಮಕ್ಕಳು. ಮೊದಲ ಪೀರಿಯಡ್ ಮುಗಿದ ಮೇಲೆ ಹಾಜರಿ ಪುಸ್ತಕಗಳು ಆಫೀಸಿಗೆ ಬರುತ್ತವೆ, ನಾನು ಎಕ್ಸೆಲ್ ಶೀಟಿಗೆ ಹಾಕಿ ಮಧ್ಯಾಹ್ನದೊಳಗೆ ಎಚ್.ಎಂ. ಅವರಿಗೆ ಒಂದು ಪುಟದ ವರದಿ ಕೊಡುತ್ತೇನೆ. ಅದರಲ್ಲಿ ಸತತ 3 ದಿನ ಬಾರದ ಮಕ್ಕಳ ಹೆಸರು ಕೆಂಪು ಬಣ್ಣದಲ್ಲಿ ಇರುತ್ತದೆ, ಕ್ಲಾಸ್ ಟೀಚರ್ ಆ ಮನೆಗಳಿಗೆ ಫೋನ್ ಮಾಡಬೇಕು. ಈ ವ್ಯವಸ್ಥೆ ನನಗಿಂತ ಮೊದಲಿದ್ದವರು ಮಾಡಿಟ್ಟದ್ದು.

ಸಮಸ್ಯೆ ಏನೆಂದರೆ, ಕೆಂಪಾಗುವ ಹೆಸರುಗಳಲ್ಲಿ ಹೆಚ್ಚಿನವು ಜ್ವರ, ಮದುವೆ, ಜಾತ್ರೆ ಅಂತ ಹೋಗಿ ತಾವಾಗೇ ವಾಪಸ್ ಬರುವ ಮಕ್ಕಳದ್ದು. ಟೆಸ್ಟಿನಲ್ಲಿ ಹಿಂದೆ ಬೀಳುತ್ತಿರುವ ಮಕ್ಕಳ ಬಗ್ಗೆ ಗಣಿತದ ಮೇಡಂ ಕೇಳಿದರು, ಇವರೆಲ್ಲ ಆಗಾಗ ಬರುವುದೇ ಇಲ್ಲವಲ್ಲ, ನಿಮ್ಮ ಪಟ್ಟಿಯಲ್ಲಿ ಯಾಕಿಲ್ಲ ಅಂತ. ನೋಡಿದರೆ ನಿಜ. ಒಂದು ದಿನ ಬಿಟ್ಟು, ಎರಡು ದಿನ ಬಂದು, ಮತ್ತೆ ಒಂದು ದಿನ ಬಿಟ್ಟು... ಸತತ 3 ಆಗುವುದೇ ಇಲ್ಲ. ಎಷ್ಟು ದಿನಕ್ಕೆ ಕೆಂಪು ಮಾಡಬೇಕು? ನಿಮ್ಮ ಶಾಲೆಗಳಲ್ಲಿ ಹೇಗೆ ಮಾಡುತ್ತೀರಿ?

ಮಲೆನಾಡ ಮೇಷ್ಟ್ರು
ಇದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ ಅನ್ನಿಸುತ್ತದೆ. ಎಸ್‌ಎಸ್‌ಎಲ್‌ಸಿಗೆ 75% ಹಾಜರಿ ಬೇಕು ಅಂತ ನಿಯಮವೇ ಇದೆ. ತಿಂಗಳ ಕೊನೆಗೆ ಶೇಕಡಾವಾರು ತೆಗೆದು, 75ಕ್ಕಿಂತ ಕೆಳಗೆ ಇರುವವರನ್ನು ಕೆಂಪು ಮಾಡಿ. ನಾವು ಹಾಗೇ ಮಾಡುವುದು. ಸುಮ್ನೆ ದಿನಾ ಪಟ್ಟಿ ಕಳಿಸಿದರೆ ಯಾರೂ ಓದುವುದಿಲ್ಲ.

ಬೀದರ್ ಅಪ್ಪ
ನನ್ನ ಮಗಳ ವಿಷಯ ಹೇಳಲೇಬೇಕು. ಅವಳು ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಶಾಲೆಯಿಂದಲೇ ಹೋಗಿದ್ದಳು, ಪಿ.ಇ. ಟೀಚರೇ ಕರೆದುಕೊಂಡು ಹೋಗಿದ್ದು. ಅದೇ ದಿನ 11 ಗಂಟೆಗೆ ನನಗೆ ಮೆಸೇಜ್: ನಿಮ್ಮ ಮಗಳು ಇವತ್ತು ಶಾಲೆಗೆ ಗೈರು. ನಾನು ಹೊಲದಲ್ಲಿದ್ದೆ, ಎದೆ ಧಸಕ್ ಅಂದಿತು. ಟೀಚರ್‌ಗೆ ಫೋನ್ ಮಾಡಿದರೆ ಮೈದಾನದ ಗದ್ದಲದಲ್ಲಿ ಅವರು ಎತ್ತಲಿಲ್ಲ. ಮಗಳು ಸಂಜೆ ಕಪ್ ಹಿಡಿದುಕೊಂಡು ಬಂದ ಮೇಲೇ ಉಸಿರು ಬಂದಿದ್ದು. ದಯವಿಟ್ಟು ಕೆಂಪು ಮಾಡುವ ಮೊದಲು ಮಗು ಎಲ್ಲಿದೆ ಅಂತ ಶಾಲೆಯೊಳಗೇ ಒಂದು ಸಲ ಕೇಳಿ.

ನಿವೃತ್ತ ಎಫ್‌ಡಿಎ
ಆಫೀಸಿನಲ್ಲಿ ಇದೇ ಕೆಲಸ ವರ್ಷಾನುಗಟ್ಟಲೆ ಮಾಡಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೇಷ್ಟ್ರು ಹೇಳಿದ 75% ಸರಿ, ಆದರೆ ಅದು ಪರೀಕ್ಷೆಗೆ ಕೂರಿಸುವ ಪ್ರಶ್ನೆ. ಮಗುವನ್ನು ಹಿಡಿದು ನಿಲ್ಲಿಸಿಕೊಳ್ಳುವ ಪ್ರಶ್ನೆಗೆ ಆ ಗೆರೆ ತುಂಬಾ ಕೆಳಗಿದೆ. ನೂರಕ್ಕೆ ಇಪ್ಪತ್ತೈದು ದಿನ ಹೋದ ಮೇಲೆ ಎಚ್ಚರವಾದರೆ ಪಾಠ ಆಗಲೇ ಹೋಗಿರುತ್ತದೆ. ಇನ್ನೊಂದು, ವರ್ಷದ ಶೇಕಡಾವಾರು ಬಹಳ ನಿಧಾನಕ್ಕೆ ಅಲ್ಲಾಡುತ್ತದೆ. ಜೂನ್, ಜುಲೈ ಪೂರ್ತಿ ಬಂದ ಹುಡುಗ ಸೆಪ್ಟೆಂಬರಿನಲ್ಲಿ ಅರ್ಧಕ್ಕರ್ಧ ತಪ್ಪಿಸಿದರೂ ಅವನ ಒಟ್ಟು ಹಾಜರಿ 80ರ ಮೇಲೇ ಇರುತ್ತದೆ.

ನಿಮ್ಮ ಸತತ 3 ದಿನದ ನಿಯಮ ಕಾಯಿಲೆಯನ್ನು ಹಿಡಿಯುತ್ತದೆ, ಅಭ್ಯಾಸವನ್ನು ಹಿಡಿಯುವುದಿಲ್ಲ. ಹಾಗಂತ ಅದನ್ನು ತೆಗೆಯಬೇಡಿ. ಹುಡುಗಿ ಒಮ್ಮೆಲೇ ಬರುವುದು ನಿಲ್ಲಿಸಿದರೆ ಅದು ಮದುವೆ ಮಾಡುವ ಸಿದ್ಧತೆಯೂ ಆಗಿರಬಹುದು, ಅಂಥ ಕಡೆ ಸತತ ಗೈರೇ ಮೊದಲ ಸುಳಿವು. ಅದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ: ಕಳೆದ 20 ಶಾಲಾ ದಿನಗಳಲ್ಲಿ ಎಷ್ಟು ಗೈರು. ಇಲ್ಲಿ ಕ್ಯಾಲೆಂಡರ್ ದಿನ ಲೆಕ್ಕಕ್ಕೆ ಬೇಡ, ಶಾಲೆ ನಡೆದ ದಿನ ಮಾತ್ರ. ಭಾನುವಾರಕ್ಕೆ, ರಜೆಗೆ ಕಾಲಮ್ಮೇ ಇರಬಾರದು. ಆಗ ದಸರಾ ರಜೆ ಮುಗಿದ ಮಾರನೇ ದಿನವೂ ಲೆಕ್ಕ ಹಳೇ ದಿನಗಳನ್ನು ಹಿಡಿದುಕೊಂಡೇ ಮುಂದುವರಿಯುತ್ತದೆ.

ಒಂದು ಮಗುವಿನ ಲೆಕ್ಕ ಹೇಳುತ್ತೇನೆ. 9ನೇ ತರಗತಿಯ ಹುಡುಗಿ. ಶಾಲೆ ಶುರುವಾಗಿ 50 ದಿನ ನಡೆದಿದೆ, ಅವಳು 11 ದಿನ ಗೈರು. ಅಂದರೆ 39 ದಿನ ಹಾಜರು, 78%. ಮೇಷ್ಟ್ರ ಪಟ್ಟಿಗೆ ಬರುವುದಿಲ್ಲ. ಒಟ್ಟಿಗೆ ಹೆಚ್ಚೆಂದರೆ ಎರಡು ದಿನ ತಪ್ಪಿಸಿದ್ದಾಳೆ, ಅದೂ ಜ್ವರಕ್ಕೆ. ನಿಮ್ಮ ಪಟ್ಟಿಗೂ ಬರುವುದಿಲ್ಲ. ಕಳೆದ 20 ದಿನ ತೆಗೆದು ನೋಡಿದರೆ 5 ಗೈರು, ಅಲ್ಲಿ ಸಿಕ್ಕಿಬೀಳುತ್ತಾಳೆ. ಆಮೇಲೆ ವಾರಗಳನ್ನು ನೋಡಿದೆವು. 11ರಲ್ಲಿ 7 ಮಂಗಳವಾರ. ಅಷ್ಟು ದಿನದಲ್ಲಿ ಶಾಲೆ ನಡೆದ ಮಂಗಳವಾರಗಳೇ 8.

ಮಂಗಳವಾರ ಅವರ ಹೋಬಳಿಯಲ್ಲಿ ಸಂತೆ. ಅಮ್ಮ ಬೆಳಗಿನ ಮೊದಲ ಬಸ್ಸಿಗೆ ಸೊಪ್ಪು ತೆಗೆದುಕೊಂಡು ಹೋಗುತ್ತಾರೆ, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ, ಎರಡು ವರ್ಷದ ತಮ್ಮ. ಹುಡುಗಿ ಮನೆಯಲ್ಲಿ ಉಳಿಯಲೇಬೇಕು. ಟೈಮ್ ಟೇಬಲ್ ನೋಡಿದರೆ ಮಂಗಳವಾರ ಮೊದಲ ಎರಡು ಪೀರಿಯಡ್ ಗಣಿತ, ಮಧ್ಯಾಹ್ನ ವಿಜ್ಞಾನದ ಪ್ರಯೋಗ. ಅವಳು ಗಣಿತದಲ್ಲಿ ಯಾಕೆ ಹಿಂದೆ ಅಂತ ಆಗ ಗೊತ್ತಾಯಿತು.

ಆಫೀಸ್ ಎಸ್‌ಡಿಎ
ಸರ್, ಇದನ್ನು ಓದಿ ಈಗಷ್ಟೇ ನಮ್ಮ ಶೀಟ್ ತೆರೆದೆ. ನಮ್ಮದೂ ಮಂಗಳವಾರದ ಸಂತೆಯೇ! ಕಳೆದ 20 ದಿನ ಅಂತ ಎಕ್ಸೆಲ್‌ನಲ್ಲಿ ತೆಗೆಯುವುದು ಹೇಗೆ? ದಿನಾ ಹೊಸ ಕಾಲಮ್ ಸೇರುತ್ತದಲ್ಲ, ಪ್ರತಿ ಸಲ ಫಾರ್ಮುಲಾ ಬದಲಾಯಿಸಬೇಕಾ?

ಹುಬ್ಬಳ್ಳಿ ಕಂಪ್ಯೂಟರ್ ಟೀಚರ್
ಬದಲಾಯಿಸಬೇಕಿಲ್ಲ. ಎ ಕಾಲಮ್ಮಿನಲ್ಲಿ ಮಗುವಿನ ಸ್ಯಾಟ್ಸ್ ನಂಬರ್ ಇಡಿ, ಬಿ-ಯಲ್ಲಿ ಹೆಸರು. ರೋಲ್ ನಂಬರ್ ನಂಬಬೇಡಿ, ಅದು ನಡುವೆ ಬದಲಾಗುತ್ತದೆ, ಒಂದೇ ಹೆಸರಿನವರು ಇಬ್ಬರಿದ್ದರೆ ಇನ್ನೂ ಗೊಂದಲ. ಎರಡನೇ ಸಾಲಿನಲ್ಲಿ ಇ ಕಾಲಮ್ಮಿನಿಂದ ದಿನಾಂಕ, ಐದನೇ ಸಾಲಿನಿಂದ ಮಕ್ಕಳು. ಬಂದವರಿಗೆ `P`, ಇಡೀ ದಿನ ಬಾರದವರಿಗೆ `A`, ಅರ್ಧ ದಿನಕ್ಕೆ `H`. ದಿನಾಂಕವನ್ನು ಆಯಾ ದಿನವೇ ಹಾಕಿ, ಇಡೀ ತಿಂಗಳದ್ದು ಮೊದಲೇ ತುಂಬಿಸಿಡಬೇಡಿ, ಲೆಕ್ಕ ಅದರ ಮೇಲೇ ನಿಂತಿದೆ. ಮೊದಲು `B1` ಮನೆಯಲ್ಲಿ ಎಷ್ಟು ದಿನ ಶಾಲೆ ನಡೆದಿದೆ ಅನ್ನುವುದು:

```
=COUNTA($E$2:$IV$2)
```

`C5` ಮನೆಯಲ್ಲಿ ಕಳೆದ 20 ದಿನದ ಗೈರು, `D5` ಮನೆಯಲ್ಲಿ ಮಂಗಳವಾರದ ಗೈರು:

```
=COUNTIF(INDEX($E5:$IV5,MAX(1,$B$1-19)):INDEX($E5:$IV5,$B$1),"A")
=SUMPRODUCT((WEEKDAY($E$2:$IV$2)=3)*($E5:$IV5="A"))
```

ಎರಡನ್ನೂ ಕೆಳಗೆ ಎಳೆದುಕೊಳ್ಳಿ. ಸಂತೆ ಬೇರೆ ದಿನ ಇದ್ದರೆ 3ರ ಜಾಗದಲ್ಲಿ ಭಾನುವಾರಕ್ಕೆ 1, ಸೋಮವಾರಕ್ಕೆ 2 ಹೀಗೆ ಎಣಿಸಿಕೊಂಡು ಹಾಕಿ. ಗೂಗಲ್ ಶೀಟಿನಲ್ಲೂ ನಡೆಯುತ್ತದೆ. ದಿನಾಂಕ ನಿಜವಾಗಿ ದಿನಾಂಕವಾಗಿರಬೇಕು, ಚುಕ್ಕಿ ಇಟ್ಟು 12.8 ಅಂತ ಬರೆದರೆ ಎಕ್ಸೆಲ್ ಅದನ್ನು ಬರೀ ಸಂಖ್ಯೆ ಅಂದುಕೊಂಡು ಯಾವುದೋ ವಾರ ತೋರಿಸುತ್ತದೆ.

ರಾಯಚೂರು ಗೆಳೆಯ
ಬಯೋಮೆಟ್ರಿಕ್ ಹಾಜರಿ ಬಗ್ಗೆ ಮಾತಾಡುತ್ತಿದ್ದೀರಿ ಅಲ್ವಾ? ನಮ್ಮಲ್ಲಿ ಶಿಕ್ಷಕರ ಬೆರಳಚ್ಚು ಯಂತ್ರ ನೆಟ್‌ವರ್ಕ್ ಇಲ್ಲದೆ ತಿಂಗಳಲ್ಲಿ ಅರ್ಧ ದಿನ ಕೆಲಸವೇ ಮಾಡುವುದಿಲ್ಲ. ಅದಕ್ಕೆ ಮೊದಲು ಪರಿಹಾರ ಹೇಳಿ.

ಆಫೀಸ್ ಎಸ್‌ಡಿಎ
ಇಲ್ಲ, ಇದು ಮಕ್ಕಳ ಹಾಜರಿ. ಪುಸ್ತಕದಲ್ಲಿ ಪೆನ್ನಿನಲ್ಲೇ ಹಾಕುವುದು, ಆಫೀಸಿನಲ್ಲಿ ಮಾತ್ರ ಎಕ್ಸೆಲ್.

ಟೀಚರ್, ಫಾರ್ಮುಲಾ ಹಾಕಿದೆ, ಕೆಲಸ ಮಾಡುತ್ತಿದೆ. ತುಂಬಾ ಧನ್ಯವಾದ. ಆದರೆ 8ನೇ ತರಗತಿ ಬಿ ಸೆಕ್ಷನ್ ಒಂದೇ ವಿಚಿತ್ರವಾಗಿದೆ. ಅಲ್ಲಿ ಯಾರಿಗೂ 20 ದಿನದಲ್ಲಿ 1ಕ್ಕಿಂತ ಜಾಸ್ತಿ ಗೈರು ಇಲ್ಲ. ಪಕ್ಕದ ಎ ಸೆಕ್ಷನ್‌ನಲ್ಲಿ ಏಳು ಮಕ್ಕಳಿಗೆ 3ಕ್ಕಿಂತ ಜಾಸ್ತಿ. ಅಷ್ಟು ವ್ಯತ್ಯಾಸ ಇರುತ್ತದಾ?

ನಿವೃತ್ತ ಎಫ್‌ಡಿಎ
ಇರುವುದಿಲ್ಲ. ಅಲ್ಲಿ ಖಾಲಿ ಮನೆ ಎಷ್ಟಿವೆ ನೋಡಿ. ಆ ಸೆಕ್ಷನ್‌ನ ಹಾಜರಿ ಪುಸ್ತಕ ಕೆಲವು ದಿನ ಆಫೀಸಿಗೆ ಬಂದೇ ಇರುವುದಿಲ್ಲ. ಟೀಚರ್ ತರಬೇತಿಗೆ ಹೋದ ದಿನ, ಚುನಾವಣೆ ಕೆಲಸಕ್ಕೆ ಹೋದ ದಿನ ಹೀಗಾಗುತ್ತದೆ. ಮನೆ ಖಾಲಿ ಇದ್ದರೆ ಈ ಫಾರ್ಮುಲಾ ಅದನ್ನು ಗೈರು ಅಂತ ಎಣಿಸುವುದಿಲ್ಲ, ಅಂದರೆ ಮಗು ಬಂದ ಹಾಗೇ ಆಯಿತು. ಹಾಜರಿ ಹಾಕದಿರುವುದು ಬೇರೆ, ಮಗು ಹಾಜರಿರುವುದು ಬೇರೆ, ಶೀಟಿಗೆ ಆ ಭೇದ ಗೊತ್ತಾಗುವುದಿಲ್ಲ. ಪ್ರತಿ ದಿನಾಂಕದ ಕಾಲಮ್ಮಿನ ತಲೆಯ ಮೇಲೆ ಖಾಲಿ ಮನೆಗಳನ್ನು ಎಣಿಸುವ ಒಂದು ಸಾಲು ಇಡಿ. ಆ ಸೆಕ್ಷನ್‌ನಲ್ಲಿ 40 ಮಕ್ಕಳಿದ್ದರೆ, ಮೊದಲ ದಿನಾಂಕದ `E3` ಮನೆಯಲ್ಲಿ ಹೀಗೆ ಹಾಕಿ ಪಕ್ಕಕ್ಕೆ ಎಳೆಯಿರಿ:

```
=COUNTBLANK(E5:E44)
```

ಸೊನ್ನೆ ಬರಬೇಕು. 40 ಬಂದರೆ ಆ ದಿನ ಪುಸ್ತಕವೇ ಬಂದಿಲ್ಲ ಅಂತ ಅರ್ಥ. ಒಂದೋ ಎರಡೋ ಬಂದರೆ ನೀವು ಹಾಕುವಾಗ ಬಿಟ್ಟಿದ್ದೀರಿ. ಸೊನ್ನೆ ಬಾರದ ಸೆಕ್ಷನ್‌ನ ವರದಿಯನ್ನು ಹಾಗೇ ಮುಂದೆ ಕಳಿಸಬೇಡಿ.

ಇದರ ತದ್ವಿರುದ್ಧವೂ ಆಗುತ್ತದೆ. ಟಿಸಿ ತೆಗೆದುಕೊಂಡು ಹೋದ ಹುಡುಗನ ಹೆಸರು ಶೀಟಿನಲ್ಲಿ ಉಳಿದು, ದಿನಾ `A` ಬಿದ್ದು, ಪಟ್ಟಿಯ ತುದಿಯಲ್ಲಿ ಅವನೇ ಕೂತಿರುತ್ತಾನೆ. ಕ್ಲಾಸ್ ಟೀಚರ್ ಎರಡು ದಿನ ಆ ಹೆಸರು ನೋಡಿ, ಮೂರನೇ ದಿನದಿಂದ ಪಟ್ಟಿ ತೆರೆಯುವುದನ್ನೇ ಬಿಡುತ್ತಾರೆ. ಬೀದರ್‌ನವರು ಹೇಳಿದ ಕ್ರೀಡಾಕೂಟದ್ದೂ ಹೀಗೇ. ಪಿ.ಇ. ಟೀಚರ್ ಹೊರಡುವ ಮೊದಲು ಮಕ್ಕಳ ಪಟ್ಟಿ ಆಫೀಸಿಗೆ ಕೊಟ್ಟು ಹೋಗಬೇಕು, ಅವರಿಗೆ `P` ಬೀಳಬೇಕು.

ಬಿಸಿಯೂಟದ ಲೆಕ್ಕವನ್ನೂ ಒಂದು ಕಣ್ಣು ನೋಡಿ. ಅಡುಗೆಯವರು ದಿನಾ ಎಷ್ಟು ಮಕ್ಕಳು ಉಂಡರು ಅಂತ ಬರೆಸುತ್ತಾರಲ್ಲ. ಮನೆಯಿಂದ ಡಬ್ಬಿ ತರುವವರು ಇರುವುದರಿಂದ ಅದು ಹಾಜರಿಗೆ ಸರಿಯಾಗಿ ಹೊಂದುವುದಿಲ್ಲ. ಆದರೆ ದಿನಾ ಹತ್ತು ಹದಿನೈದರ ಅಂತರ ಇರುವ ಶಾಲೆಯಲ್ಲಿ ಒಂದು ದಿನ ನಲವತ್ತು ಆದರೆ, ಎಲ್ಲೋ ಹಾಜರಿ ಕಣ್ಣು ಮುಚ್ಚಿ ಹಾಕಿದ್ದಾರೆ, ಇಲ್ಲವೇ ಮಕ್ಕಳು ಊಟಕ್ಕೆ ಮೊದಲೇ ಗೇಟ್ ದಾಟಿದ್ದಾರೆ.

ಆಫೀಸ್ ಎಸ್‌ಡಿಎ
ಸರ್, 8 ಬಿ-ಯಲ್ಲಿ ಒಂಬತ್ತು ದಿನ ಪೂರ್ತಿ ಖಾಲಿ. ಆ ಸೆಕ್ಷನ್ ಮೇಡಂ ರಜೆಯಲ್ಲಿದ್ದಾರೆ, ಹಾಜರಿ ಯಾರು ಹಾಕಬೇಕು ಅಂತ ಯಾರಿಗೂ ಹೇಳಿರಲಿಲ್ಲ. ಎಚ್.ಎಂ. ಅವರಿಗೆ ತೋರಿಸಿದೆ, ನಾಳೆಯಿಂದ ಮೊದಲ ಪೀರಿಯಡ್ ತೆಗೆದುಕೊಳ್ಳುವವರೇ ಹಾಕಬೇಕು ಅಂದರು. ಆ ಒಂಬತ್ತು ದಿನಕ್ಕೆ ಈಗ ಏನು ಮಾಡಲಿ?

ನಿವೃತ್ತ ಎಫ್‌ಡಿಎ
ಊಹೆಯಿಂದ ತುಂಬಬೇಡಿ. ಬಿಸಿಯೂಟದ ಲೆಕ್ಕದಲ್ಲೂ ಮಕ್ಕಳ ಹೆಸರು ಸಿಗುವುದಿಲ್ಲ, ಸಂಖ್ಯೆ ಮಾತ್ರ. ಖಾಲಿಯೇ ಇರಲಿ. ಆ ಸೆಕ್ಷನ್‌ನ ವರದಿಯ ಮೇಲೆ ಇಷ್ಟು ದಿನದ ಹಾಜರಿ ಇಲ್ಲ ಅಂತ ಬರೆದು ಕಳಿಸಿ.

ಕಲಬುರಗಿ ಸಿಆರ್‌ಪಿ
ಒಂದು ಮಾತು ಸೇರಿಸುತ್ತೇನೆ. ಕೆಲವು ಶಾಲೆಗಳಲ್ಲಿ 45 ದಿನ ಅನ್ನುವ ಸಂಖ್ಯೆ ಹಿಡಿದುಕೊಂಡು ಕೂತಿರುತ್ತಾರೆ. ಅದು 6ರಿಂದ 14 ವರ್ಷದ ಮಗು ತಿಳಿಸದೆ 45 ದಿನ ಬಾರದಿದ್ದರೆ ಶಾಲೆಯಿಂದ ಹೊರಗುಳಿದ ಮಗು ಅಂತ ಎಣಿಸುವ ರಾಷ್ಟ್ರ ಮಟ್ಟದ ಲೆಕ್ಕ. ಅಷ್ಟರಲ್ಲಿ ಮಗು ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಬೇರೆ ಜಿಲ್ಲೆಗೆ ಹೋಗಿ ತಿಂಗಳಾಗಿರುತ್ತದೆ. ಪ್ರೌಢಶಾಲೆಯ ಎಷ್ಟೋ ಮಕ್ಕಳು 14 ದಾಟಿರುತ್ತಾರೆ, ಆ ಲೆಕ್ಕಕ್ಕೇ ಬರುವುದಿಲ್ಲ. ಆಫೀಸಿನ ವರದಿಗೆ ಆ ಸಂಖ್ಯೆ ಬೇಡ.

ನಮ್ಮ ಕಡೆ ನಾನು ಕಂಡದ್ದು, ಗುಳೆ ಹೋಗುವ ಮನೆಯ ಮಕ್ಕಳು ಒಮ್ಮೆಲೇ ಹೋಗುವುದಿಲ್ಲ. ಮೊದಲು ಬಿಡಿ ಬಿಡಿಯಾಗಿ ಎರಡು ಮೂರು ದಿನ ತಪ್ಪಿಸುತ್ತಾರೆ, ಮನೆಯಲ್ಲಿ ಸಾಮಾನು ಕಟ್ಟುವ ಓಡಾಟ ಇರುತ್ತದೆ. 20 ದಿನದ ಲೆಕ್ಕ ಅದನ್ನು ತೋರಿಸುತ್ತದೆ. ಹುಡುಗಿಯ ಮದುವೆಯ ಅನುಮಾನ ಬಂದರೆ ಮನೆಯವರ ಜೊತೆ ವಾದಕ್ಕೆ ನಿಲ್ಲಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಮಲೆನಾಡ ಮೇಷ್ಟ್ರು
20 ದಿನದ ವಿಷಯ ಒಪ್ಪಿದೆ. ಆದರೆ ಗೆರೆ ಎಲ್ಲಿ ಎಳೆಯುತ್ತೀರಿ? ನಮ್ಮಲ್ಲಿ ಜುಲೈ ಅಂದರೆ ಮಳೆ, ಹಳ್ಳ ತುಂಬಿದರೆ ಅರ್ಧ ಊರಿನ ಮಕ್ಕಳು ಬರುವುದಿಲ್ಲ. 2 ಗೈರಿಗೆ ಕೆಂಪು ಅಂದರೆ ಇಡೀ ತರಗತಿ ಕೆಂಪು.

ನಿವೃತ್ತ ಎಫ್‌ಡಿಎ
ಗೆರೆ ಎಳೆಯುವ ಮೊದಲು ಫೋನ್ ಮಾಡುವವರ ಕೈಗೆ ಎಷ್ಟು ಸಾಧ್ಯ ಅಂತ ಕೇಳಬೇಕು. ಒಬ್ಬ ಕ್ಲಾಸ್ ಟೀಚರ್ ವಾರಕ್ಕೆ ಮೂರು ನಾಲ್ಕು ಮನೆಗೆ ನೆಟ್ಟಗೆ ಮಾತಾಡಬಹುದು. ಪಟ್ಟಿಯಲ್ಲಿ ಹನ್ನೆರಡು ಹೆಸರು ಕಳಿಸಿದರೆ ಒಂದಕ್ಕೂ ಮಾತಾಡುವುದಿಲ್ಲ. ನಾನಿದ್ದ ಕಡೆ 20ರಲ್ಲಿ 3 ಆದರೆ ಫೋನ್, 5 ಆದರೆ ಮನೆಗೆ ಹೋಗುವುದು ಅಂತ ಇಟ್ಟುಕೊಂಡಿದ್ದೆವು. ಮಳೆಗಾಲದಲ್ಲಿ ನೀವು 4 ಮತ್ತು 6 ಮಾಡಿಕೊಳ್ಳಿ, ತಪ್ಪೇನಿಲ್ಲ. ಒಂದೇ ಊರಿನ ಮಕ್ಕಳೆಲ್ಲ ಒಂದೇ ದಿನ ಇಲ್ಲ ಅಂದರೆ ಆ ಮನೆಗಳಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಬಸ್ ಡಿಪೋಗೆ ಮಾಡಬೇಕು.

ಫೋನ್ ಆದ ಮೇಲೆ ಕಾರಣ ಬರೆಯುವ ಜಾಗ ಬೇಕು. ಇಲ್ಲಿ ಎಲ್ಲರೂ ಹುಷಾರಿಲ್ಲ ಅಂತ ಬರೆದು ಮುಗಿಸುತ್ತಾರೆ. ಸಂತೆಯ ಹುಡುಗಿಯದ್ದೂ ಮೊದಲು ಹಾಗೇ ಬರೆದಿತ್ತು. ಮನೆಯವರಿಗೆ ಯಾಕೆ ಬಂದಿಲ್ಲ ಅಂತ ಕೇಳಿದರೆ ಹೆದರಿ ಹುಷಾರಿಲ್ಲ ಅನ್ನುತ್ತಾರೆ. ಮಂಗಳವಾರ ಮನೆಯಲ್ಲಿ ಯಾರಿರುತ್ತಾರಮ್ಮ ಅಂತ ಕೇಳಿದ್ದಕ್ಕೆ ಅವಳ ಅಮ್ಮ ಎಲ್ಲಾ ಹೇಳಿದರು. ಅಂದರೆ ಪಟ್ಟಿಯ ಜೊತೆ ತಪ್ಪಿದ ದಿನಾಂಕ, ವಾರ ಎರಡೂ ಟೀಚರ್ ಕೈಗೆ ಹೋಗಬೇಕು. ಬರೀ 5 ಅನ್ನುವ ಸಂಖ್ಯೆ ಹೋದರೆ ಅವರು ಏನು ಅಂತ ಕೇಳುತ್ತಾರೆ?

ತುಮಕೂರು ಅಮ್ಮ
ಆ ಹುಡುಗಿ ಏನಾದಳು ಸರ್?

ನಿವೃತ್ತ ಎಫ್‌ಡಿಎ
ಅಂಗನವಾಡಿ ಕಾರ್ಯಕರ್ತೆಯ ಜೊತೆ ಮಾತಾಡಿ ತಮ್ಮನನ್ನು ಮಂಗಳವಾರ ಬೆಳಿಗ್ಗೆಯೇ ಅಲ್ಲಿ ಬಿಡುವ ಹಾಗೆ ಆಯಿತು. ಅಜ್ಜಿಯನ್ನು ನೋಡಿಕೊಳ್ಳುವುದಕ್ಕೆ ದಾರಿ ಸಿಗಲಿಲ್ಲ. ಕೆಲವು ಮಂಗಳವಾರ ಬಂದಳು, ಕೆಲವು ಬರಲಿಲ್ಲ. ಗಣಿತದ ಜೋಡಿ ಪೀರಿಯಡ್ಡನ್ನು ಗುರುವಾರಕ್ಕೆ ಬದಲಾಯಿಸಿದರು, ಅದು ಅವಳಿಗಷ್ಟೇ ಅಲ್ಲ, ಸಂತೆಗೆ ಹೋಗುವ ಇನ್ನೂ ಕೆಲವರಿಗೆ ಅನುಕೂಲವಾಯಿತು.

ತುಮಕೂರು ಅಮ್ಮ
ಇನ್ನೊಂದು ವಿನಂತಿ. ನಮ್ಮ ಮಗನ ಶಾಲೆಯಲ್ಲಿ ಗೈರಾದವರ ಪಟ್ಟಿಯನ್ನು ಪೋಷಕರ ವಾಟ್ಸಾಪ್ ಗ್ರೂಪಿಗೇ ಹಾಕುತ್ತಾರೆ. ಹೆಣ್ಣುಮಕ್ಕಳು ತಿಂಗಳಿಗೆ ಎರಡು ದಿನ ಯಾಕೆ ಬರುವುದಿಲ್ಲ ಅಂತ ಊರಿಗೆಲ್ಲ ಗೊತ್ತಾಗಬೇಕಾ? ಆಯಾ ಮನೆಗೆ ಮಾತ್ರ ತಿಳಿಸಿ.

ಆಫೀಸ್ ಎಸ್‌ಡಿಎ
ನಾವು ಗ್ರೂಪಿಗೆ ಹಾಕುವುದಿಲ್ಲ ಅಮ್ಮಾ, ಕ್ಲಾಸ್ ಟೀಚರ್‌ಗೆ ಅವರ ಸೆಕ್ಷನ್‌ನದ್ದು ಮಾತ್ರ ಚೀಟಿಯಲ್ಲಿ ಕೊಡುತ್ತೇನೆ. ನೀವು ಹೇಳಿದ ಮೇಲೆ ನೋಡಿದೆ, ತಿಂಗಳಿಗೊಮ್ಮೆ ಎರಡು ದಿನ ತಪ್ಪಿಸುವ ಹುಡುಗಿಯರು ಇದ್ದಾರೆ. ಹುಡುಗಿಯರ ಶೌಚಾಲಯದಲ್ಲಿ ನೀರು ಬರುತ್ತಿಲ್ಲ, ಅದನ್ನು ಎಚ್.ಎಂ. ಅವರಿಗೆ ಹೇಳುತ್ತೇನೆ.

ರಜೆ ಚೀಟಿ ಕೊಟ್ಟು ಹೋದ ದಿನಗಳನ್ನು 20ರ ಲೆಕ್ಕಕ್ಕೆ ಸೇರಿಸಬೇಕಾ?

ಮಲೆನಾಡ ಮೇಷ್ಟ್ರು
ಸೇರಿಸಬಾರದು. ಪೋಷಕರು ಮೊದಲೇ ಬರೆದು ಕೊಟ್ಟಿದ್ದಾರೆ ಅಂದರೆ ಅವರಿಗೆ ಗೊತ್ತಿದೆ, ನಾವೂ ಒಪ್ಪಿದ್ದೇವೆ. ಅವರಿಗೆ ಮತ್ತೆ ಫೋನ್ ಮಾಡಿದರೆ ಚೀಟಿ ಕೊಡುವುದನ್ನೇ ಬಿಡುತ್ತಾರೆ.

ನಿವೃತ್ತ ಎಫ್‌ಡಿಎ
ಸೇರಿಸಬೇಕು ಅಂತ ನನ್ನ ಅಭಿಪ್ರಾಯ. ಚೀಟಿ ಇದ್ದರೂ ಪಾಠ ತಪ್ಪಿದ್ದು ತಪ್ಪಿದ್ದೇ. ತಿಂಗಳಲ್ಲಿ ಆರು ದಿನ ಚೀಟಿ ತರುವ ಮಗುವಿಗೆ ಏನೋ ಇದೆ. ಬೇಕಿದ್ದರೆ `L` ಅಂತ ಬೇರೆ ಗುರುತು ಹಾಕಿ, ಪಕ್ಕದಲ್ಲೇ ಬೇರೆ ಎಣಿಸಿ.

ಮಲೆನಾಡ ಮೇಷ್ಟ್ರು
ಬೇರೆ ಎಣಿಸುವುದಕ್ಕೆ ಅಡ್ಡಿ ಇಲ್ಲ. ಕೆಂಪು ಮಾಡುವುದು ಬೇಡ ಅಂತ ಈಗಲೂ ಹೇಳುತ್ತೇನೆ.

ಹುಬ್ಬಳ್ಳಿ ಕಂಪ್ಯೂಟರ್ ಟೀಚರ್
`L` ಸೇರಿಸಿದರೆ ಮೇಲಿನ ಫಾರ್ಮುಲಾಗಳಿಗೆ ಏನೂ ಆಗುವುದಿಲ್ಲ, ಅವು `A` ಮಾತ್ರ ಎಣಿಸುತ್ತವೆ. ಆದರೆ `H` ಕೂಡ ಅದರಲ್ಲಿ ಸೇರಿಲ್ಲ, ನೆನಪಿರಲಿ. ಊಟವಾದ ಮೇಲೆ ಹೋಗುವ ಹುಡುಗರಿಗೆ ಅದೇ ಫಾರ್ಮುಲಾದಲ್ಲಿ `"A"` ಜಾಗದಲ್ಲಿ `"H"` ಹಾಕಿದ ಇನ್ನೊಂದು ಕಾಲಮ್ ಬೇಕು. ಅದನ್ನು ದಿನಾಂಕಗಳ ನಡುವೆ ತೂರಿಸಬೇಡಿ, ಬೇರೆ ಶೀಟಿನಲ್ಲಿ ಮಾಡಿ, ಅಲ್ಲಿ `$E5:$IV5` ಮತ್ತು `$B$1` ಬರುವ ಕಡೆಯೆಲ್ಲ ಅದರ ಮುಂದೆ ಹಾಜರಿ ಶೀಟಿನ ಹೆಸರನ್ನು `Sheet1!` ಹೀಗೆ ಸೇರಿಸಿ. ಅರ್ಧ ದಿನ ಹಿಡಿಯಬೇಕಾದರೆ ಮಧ್ಯಾಹ್ನದ ಹಾಜರಿಯೂ ಆಫೀಸಿಗೆ ಬರಬೇಕು, ನಿಮ್ಮಲ್ಲಿ ಬೆಳಗಿನದ್ದು ಮಾತ್ರ ಬರುತ್ತದೆ ಅಂದಿರಲ್ಲ.

ಆಫೀಸ್ ಎಸ್‌ಡಿಎ
ಹೌದು, ಬೆಳಗಿನದ್ದು ಮಾತ್ರ. ಮಧ್ಯಾಹ್ನದ್ದು ಪುಸ್ತಕದಲ್ಲಿ ಇರುತ್ತದೆ, ಮರುದಿನ ಬೆಳಿಗ್ಗೆ ಬಂದಾಗ ಹಿಂದಿನ ದಿನದ್ದನ್ನು ತಿದ್ದಿಕೊಳ್ಳುತ್ತೇನೆ. ಸೋಮವಾರದಿಂದ ಎರಡು ಚೀಟಿ ಮಾಡುತ್ತಿದ್ದೇನೆ. ಒಂದು ದಿನಾ ಹೋಗುತ್ತದೆ, ಸತತ 3 ದಿನದವರದ್ದು. ಇನ್ನೊಂದು ವಾರಕ್ಕೊಮ್ಮೆ, 20 ದಿನದಲ್ಲಿ 3ಕ್ಕಿಂತ ಕಡಿಮೆ ಇಲ್ಲದವರದ್ದು, ತಪ್ಪಿದ ದಿನಾಂಕ ಮತ್ತು ವಾರದ ಸಮೇತ. ರಜೆ ಚೀಟಿಯದ್ದು ಏನು ಮಾಡಬೇಕು ಅಂತ ಸ್ಟಾಫ್ ಮೀಟಿಂಗ್‌ನಲ್ಲಿ ಕೇಳುತ್ತೇನೆ. ಮಂಗಳವಾರದ ಕಾಲಮ್ಮಿನಲ್ಲಿ ಸದ್ಯಕ್ಕೆ ಹದಿಮೂರು ಮಕ್ಕಳು ಕಾಣುತ್ತಿದ್ದಾರೆ, ಅದರಲ್ಲಿ ನಾಲ್ವರು 10ನೇ ತರಗತಿಯವರು. ಅವರ ಮನೆಗಳಿಗೆ ಮೊದಲು ಫೋನ್ ಮಾಡಿಸುತ್ತೇನೆ.